ಒಬ್ಬ ಹೊರಟರೆ ಕೋಟಿ ಎಲ್ಲಿಂದ?

ಗಂಗಾವತಿಯ ಕಡೆ ಮೂವರು ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಹೊಸ ಯಂತ್ರಕ್ಕೆ ಸಾಲ ಬೇಕು. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಭತ್ತದ ದರ, ತೌಡಿನ ಆದಾಯ, ಕರೆಂಟ್ ಬಿಲ್ಲು ಎಲ್ಲವೂ ಪುಟಗಟ್ಟಲೆ ಇವೆ. ಉತ್ತರಾಧಿಕಾರದ ಭಾಗದಲ್ಲಿ ಮಾತ್ರ ಒಂದೇ ಸಾಲು: ‘ಮುಂದೆ ಮಕ್ಕಳು ನೋಡಿಕೊಳ್ಳುತ್ತಾರೆ.’

ಕಾನೂನು ಹಾಗೆನ್ನುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ ಎನ್ನುತ್ತದೆ 1932ರ ಪಾಲುದಾರಿಕೆ ಕಾಯ್ದೆಯ 42ನೇ ಕಲಂ. ವಾರಸುದಾರರಿಗೆ ಪಾಲಿನ ಬೆಲೆ ಸಿಗುತ್ತದೆ. ಗಿರಣಿಯ ಗಾದಿ ತಾನಾಗಿ ಸಿಗುವುದಿಲ್ಲ. ಅದಕ್ಕೂ ಮೊದಲೇ ಬರೆದಿಟ್ಟ ಒಪ್ಪಿಗೆ ಬೇಕು.

ಜಗಳ ಹುಟ್ಟುವುದು ಬೆಲೆಯಲ್ಲಿ. 1985ರಲ್ಲಿ ಕೊಂಡ ಜಾಗ ಲೆಕ್ಕಪುಸ್ತಕದಲ್ಲಿ ಇನ್ನೂ 2 ಲಕ್ಷ. ಪೇಟೆಯಲ್ಲಿ ಅದೀಗ ಒಂದೂವರೆ ಕೋಟಿ. ಹೊರಡುವವನು ಪೇಟೆ ದರ ಹಿಡಿಯುತ್ತಾನೆ, ಉಳಿಯುವವರು ಪುಸ್ತಕ ತೆರೆದು ತೋರಿಸುತ್ತಾರೆ. ಇಬ್ಬರದ್ದೂ ತಪ್ಪೆನ್ನಲಾಗದು. ಹಾಗಾಗಿ ಯಾವ ದರ, ಯಾವ ದಿನಕ್ಕೆ, ಬೆಲೆ ಕಟ್ಟುವವರು ಯಾರು ಎಂಬುದನ್ನು ಎಲ್ಲರೂ ನಗುನಗುತ್ತಾ ಕೂತಿರುವಾಗಲೇ ಬರೆಯಬೇಕು.

ಗಿರಣಿಯ ಒಟ್ಟು ಬೆಲೆ, ಸಾಲ ಕಳೆದು, 3 ಕೋಟಿ ಎಂದಾಯಿತೆನ್ನಿ. ದೊಡ್ಡಣ್ಣ ನಿವೃತ್ತನಾಗುತ್ತಾನೆ, ಅವನಿಗೆ 1 ಕೋಟಿ. ಬ್ಯಾಂಕಿನ ಕಂತು ಕಟ್ಟಿದ ಮೇಲೆ ಗಿರಣಿಗೆ ವರ್ಷಕ್ಕೆ ಉಳಿಯುವುದು 30 ಲಕ್ಷ. ಐದು ವರ್ಷದ ಕಂತು, ಶೇ 9ರ ಬಡ್ಡಿ ಎಂದು ಹಿಡಿದರೆ ಮೊದಲ ವರ್ಷ ಅಸಲು 20, ಬಡ್ಡಿ 9, ಒಟ್ಟು 29 ಲಕ್ಷ. ಇನ್ನಿಬ್ಬರ ಮನೆಖರ್ಚಿಗೆ ಒಂದೇ ಲಕ್ಷ! ಹತ್ತು ವರ್ಷಕ್ಕೆ ಹಂಚಿದರೆ ಮೊದಲ ವರ್ಷದ ಹೊರೆ 19 ಲಕ್ಷಕ್ಕೆ ಇಳಿಯುತ್ತದೆ. ಸಾವಿನ ಸಂದರ್ಭಕ್ಕೆ ಮೂವರ ಮೇಲೂ ವಿಮೆ ಮಾಡಿಸಿದ್ದರೆ ದೊಡ್ಡ ಮೊತ್ತ ಅಲ್ಲಿಂದಲೇ ಬಂದೀತು.

ಈ ಲೆಕ್ಕ ವರದಿಯಲ್ಲಿ ಇಲ್ಲದಿದ್ದರೆ ಹಣ ಹೋಗುವುದು ಭತ್ತ ಕೊಳ್ಳುವ ದುಡ್ಡಿನಿಂದ. ಸುಗ್ಗಿ ಮುಗಿದು ಅಕ್ಕಿ ಮಾರಾಟವಾದರೂ ಸಿಸಿ ಖಾತೆ ಮಿತಿಯ ಅಂಚಿನಲ್ಲೇ ನಿಂತಿದ್ದರೆ ಬ್ಯಾಂಕಿನವರಿಗೆ ಅನುಮಾನ ಶುರುವಾಗುತ್ತದೆ.

ದೊಡ್ಡ ಮನೆಗಳೂ ಇದರಲ್ಲಿ ಎಡವಿವೆ. 2002ರಲ್ಲಿ ಧೀರೂಭಾಯಿ ಅಂಬಾನಿ ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳ ನಡುವೆ ರಿಲಯನ್ಸ್ ಪಾಲಾಗಲು 2005ರವರೆಗೆ ಕಾಯಬೇಕಾಯಿತು.

ಇನ್ನೊಂದು ಮಾತು ಹೊರಡುವ ದೊಡ್ಡಣ್ಣನಿಗೆ. ಪಾಲು ಬಿಟ್ಟದ್ದನ್ನು ಸಾರ್ವಜನಿಕ ಪ್ರಕಟಣೆಯಿಂದ ತಿಳಿಸದಿದ್ದರೆ, ಆಮೇಲೆ ತಮ್ಮಂದಿರು ಮಾಡುವ ಸಾಲಕ್ಕೂ ಅವನು ಹೊಣೆಯಾಗಬೇಕಾದೀತು. ಹಳೆಯ ಸಾಲಕ್ಕೆ ಹಾಕಿದ ಜಾಮೀನು ಸಹಿಯಂತೂ ಬ್ಯಾಂಕು ಬಿಡುಗಡೆ ಪತ್ರ ಕೊಡುವವರೆಗೆ ಅವನ ಹೆಸರಿನಲ್ಲೇ ಇರುತ್ತದೆ.