ಎಂಬತ್ತಕ್ಕೇ ನಿಲ್ಲುವ ಚಾರ್ಜ್

ಚಾರ್ಜರ್ ಸಿಕ್ಕಿಸಿಯೇ ಇದೆ, ಆದರೂ ಲ್ಯಾಪ್‌ಟಾಪ್ ಶೇ. 80 ದಾಟುತ್ತಿಲ್ಲ. ರಿಪೇರಿ ಅಂಗಡಿಗೆ ಹೊರಡುವ ಮೊದಲು ಸೆಟ್ಟಿಂಗ್ ನೋಡಿ. ಚಾರ್ಜ್ ಮಿತಿ ಆನ್ ಆಗಿರಬಹುದು.

ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ ಸುಮಾರು 4.2 ಇರುತ್ತದೆ. ಆ ಎತ್ತರದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತದೆ, ಬಿಸಿ ಸೇರಿದರೆ ಇನ್ನೂ ಬೇಗ. ಹೀಗೆ ಕಳೆದುಹೋದ ಸಾಮರ್ಥ್ಯ ಮರಳುವುದಿಲ್ಲ. ಶೇ. 80ರಲ್ಲಿ ವೋಲ್ಟೇಜ್ ಕಡಿಮೆ, ಸವೆತವೂ ಕಡಿಮೆ.

ಮಿತಿ ಮುಟ್ಟಿದೊಡನೆ ಲ್ಯಾಪ್‌ಟಾಪಿನ ನಿಯಂತ್ರಣ ಚಿಪ್ ಚಾರ್ಜಿಂಗ್ ನಿಲ್ಲಿಸುತ್ತದೆ. ಆಮೇಲೆ ಯಂತ್ರ ನೇರವಾಗಿ ಅಡಾಪ್ಟರ್‌ನ ಕರೆಂಟಿನಲ್ಲೇ ನಡೆಯುತ್ತದೆ. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ವ್ಯಾಂಟೇಜ್ ಆ್ಯಪ್ ಮೂಲಕ ಎರಡು ಅಂಕಿ ಕೊಡಬಹುದು: 75ಕ್ಕಿಂತ ಇಳಿದರೆ ಶುರು, 80ಕ್ಕೆ ನಿಲುಗಡೆ. ನಡುವೆ ಅಂತರವಿರುವುದರಿಂದ ಒಂದೆರಡು ಅಂಕ ಇಳಿದ ಮಾತ್ರಕ್ಕೆ ಮತ್ತೆ ಚಾರ್ಜಿಂಗ್ ಶುರುವಾಗುವುದಿಲ್ಲ.

ಇದಕ್ಕೆ ಬೆಲೆಯೂ ಇದೆ. 50 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಸಿಗುವುದು 40 ಮಾತ್ರ. ಗಂಟೆಗೆ 10 ವ್ಯಾಟ್-ಅವರ್ ಬಳಸುವವರಿಗೆ ಐದು ಗಂಟೆಯ ಬದಲು ನಾಲ್ಕೇ ಗಂಟೆ. ಆದ್ದರಿಂದ ದಿನವಿಡೀ ಮೇಜಿನ ಮೇಲೆ ಪ್ಲಗ್‌ನಲ್ಲಿರುವ ಯಂತ್ರಕ್ಕೆ ಮಿತಿ ಹಾಕಿ. ಪ್ರಯಾಣದ ಹಿಂದಿನ ರಾತ್ರಿ ತೆಗೆದು ಪೂರ್ತಿ ತುಂಬಿಸಿ. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಮಿತಿಯಿಲ್ಲದೆ ಬಳಸುವುದೇ ಅನುಕೂಲ.

ಬ್ಯಾಟರಿ ಈಗಾಗಲೇ ಎಷ್ಟು ಸವೆದಿದೆ ಎಂದು ತಿಳಿಯಲು ವಿಂಡೋಸ್‌ನಲ್ಲಿ ಈ ಆದೇಶ ಕೊಡಿ:

```
powercfg /batteryreport
```

ವರದಿಯಲ್ಲಿ DESIGN CAPACITY ಹೊಸದರಲ್ಲಿದ್ದ ಸಾಮರ್ಥ್ಯ, FULL CHARGE CAPACITY ಈಗ ಉಳಿದದ್ದು.