ಐದರವರೆಗೆ ಸರಿ ಬಂದರೆ ಸಾಲದು

ಒಂದು ವೃತ್ತ ಬರೆದು ಅದರ ಪರಿಧಿಯ ಮೇಲೆ ಎರಡು ಚುಕ್ಕೆ ಇಡಿ. ಅವೆರಡನ್ನೂ ಗೆರೆಯಿಂದ ಸೇರಿಸಿದರೆ ವೃತ್ತ ಎರಡು ಭಾಗವಾಗುತ್ತದೆ. ಮೂರು ಚುಕ್ಕೆ ಇಟ್ಟು ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಸೇರಿಸಿದರೆ ನಾಲ್ಕು ಭಾಗ. ನಾಲ್ಕು ಚುಕ್ಕೆಗೆ ಎಂಟು, ಐದಕ್ಕೆ ಹದಿನಾರು. ಆರು ಚುಕ್ಕೆಗೆ ಎಷ್ಟು ಎಂದರೆ ಮೂವತ್ತೆರಡು ಎಂಬ ಉತ್ತರ ತಾನಾಗಿಯೇ ನಾಲಿಗೆಗೆ ಬರುತ್ತದೆ. ಮೂರು ಗೆರೆಗಳು ಒಂದೇ ಕಡೆ ಸಂಧಿಸದಂತೆ ಎಚ್ಚರದಿಂದ ಎಳೆದು ಎಣಿಸಿ ನೋಡಿ. ಸಿಗುವುದು 31.

ಇದನ್ನು ನೆನಪಿಟ್ಟುಕೊಂಡು ಇನ್ನೊಂದು ಲೆಕ್ಕಕ್ಕೆ ಬನ್ನಿ. ಸಂಖ್ಯೆಗಳ ಘನಗಳನ್ನು ಒಂದೊಂದಾಗಿ ಕೂಡುತ್ತಾ ಹೋಗೋಣ. ಮೊದಲು 1. ಅದಕ್ಕೆ 8 ಸೇರಿದರೆ 9. 27 ಸೇರಿದರೆ 36. 64 ಸೇರಿದರೆ 100. 125 ಸೇರಿದರೆ 225. ಎಲ್ಲವೂ ವರ್ಗಸಂಖ್ಯೆಗಳೇ! ಅದೂ ಎಂಥವುಗಳ ವರ್ಗ? 1, 3, 6, 10, 15. ಅಂದರೆ 1, 1+2, 1+2+3, ಹೀಗೆ. ಮೊದಲ n ಸಂಖ್ಯೆಗಳ ಮೊತ್ತ n(n+1)/2 ಎಂಬುದು ಹೈಸ್ಕೂಲಿನಲ್ಲೇ ಗೊತ್ತಾಗಿರುತ್ತದೆ. ಹಾಗಾಗಿ ನಮ್ಮ ಹೇಳಿಕೆ ಇದು:

1³ + 2³ + … + n³ = n²(n+1)²/4

ಕ್ರಿ.ಶ. 499ರ ಆರ್ಯಭಟೀಯದಲ್ಲೇ ಈ ಸೂತ್ರ ಇದೆ. ಆದರೆ ವೃತ್ತದ ಲೆಕ್ಕವೂ ಐದರವರೆಗೆ ನೆಟ್ಟಗೇ ಇತ್ತು. ಇದು ಆರರಲ್ಲಿ ಕೈಕೊಡುವುದಿಲ್ಲ, ಆರು ಲಕ್ಷದಲ್ಲೂ ಕೈಕೊಡುವುದಿಲ್ಲ ಎಂದು ಹೇಳುವುದು ಹೇಗೆ? ಒಂದೊಂದಾಗಿ ತಾಳೆ ನೋಡುತ್ತಾ ಕುಳಿತರೆ ಮುಗಿಯುವ ಕೆಲಸವಲ್ಲ. ಗಣಿತೀಯ ಅನುಗಮನ, ಅಂದರೆ ಕ್ಲಾಸಿನಲ್ಲಿ ಎಲ್ಲರೂ ಇಂಡಕ್ಷನ್ ಎನ್ನುವ ವಿಧಾನ, ಬೇಕಾಗುವುದು ಇಲ್ಲಿ.

ಮೊದಲು ಒಂದೇ ಒಂದು ಜಿಗಿತವನ್ನು ಹತ್ತಿರದಿಂದ ನೋಡೋಣ. ನಾಲ್ಕರವರೆಗಿನ ಮೊತ್ತ 100 ಎಂದು ಗೊತ್ತಿದೆ. ಐದರವರೆಗಿನ ಮೊತ್ತಕ್ಕಾಗಿ ಮತ್ತೆ ಒಂದರಿಂದ ಕೂಡಬೇಕಿಲ್ಲ, 100ಕ್ಕೆ 125 ಸೇರಿಸಿದರೆ ಆಯಿತು. ಹಿಂದಿನ ಮೆಟ್ಟಿಲಿನ ಉತ್ತರ ಕೈಯಲ್ಲಿದ್ದರೆ ಮುಂದಿನದಕ್ಕೆ ಒಂದು ಸಂಕಲನ ಸಾಕು. ಈ ಜಿಗಿತವನ್ನು ನಾಲ್ಕರಿಂದ ಐದಕ್ಕೆ ಮಾತ್ರವಲ್ಲದೆ, ಯಾವ ಸಂಖ್ಯೆಯಿಂದ ಬೇಕಾದರೂ ಅದರ ಮುಂದಿನದಕ್ಕೆ ಮಾಡಿ ತೋರಿಸುವುದೇ ಇಂಡಕ್ಷನ್‌ನ ತಿರುಳು.

ಈಗ ಸಾಧನೆ. ಮೊದಲ ಹೆಜ್ಜೆಯಲ್ಲಿ n = 1 ಎಂದು ಇಡಿ. ಎಡಗಡೆ 1³, ಅಂದರೆ 1. ಬಲಗಡೆ 1 × 4 / 4, ಅದೂ 1. ಸರಿಹೋಯಿತು.

ಎರಡನೆಯ ಹೆಜ್ಜೆಯಲ್ಲಿ k ಎಂಬ ಯಾವುದೋ ಒಂದು ಸಂಖ್ಯೆಗೆ ಹೇಳಿಕೆ ನಿಜ ಎಂದಿಟ್ಟುಕೊಳ್ಳಿ:

1³ + 2³ + … + k³ = k²(k+1)²/4

ಈಗ k+1ರವರೆಗಿನ ಮೊತ್ತ ಬೇಕು. ಎರಡೂ ಕಡೆ (k+1)³ ಸೇರಿಸಿದರೆ ಬಲಗಡೆ ಹೀಗಾಗುತ್ತದೆ:

k²(k+1)²/4 + (k+1)³

ಇಲ್ಲಿ ಬಹಳ ಮಂದಿ ಆವರಣಗಳನ್ನೆಲ್ಲ ಬಿಡಿಸಿ k⁴, k³ ಎಂದು ಹರಡಿಕೊಂಡು ಕೂರುತ್ತಾರೆ, ಆಮೇಲೆ ಅದನ್ನು ಮತ್ತೆ ಕಟ್ಟಲಾಗದೆ ಒದ್ದಾಡುತ್ತಾರೆ. ಅದರ ಅಗತ್ಯವಿಲ್ಲ. ಎರಡೂ ಪದಗಳಲ್ಲಿ (k+1)² ಇದೆ, ಅದನ್ನು ಹೊರಗೆ ತೆಗೆಯಿರಿ:

(k+1)² [k² + 4(k+1)] / 4

ಚೌಕಾವರಣದೊಳಗೆ ಉಳಿದದ್ದು k² + 4k + 4. ಅದು (k+2)²! ಹಾಗಾಗಿ ಮೊತ್ತ (k+1)²(k+2)²/4. ಮೂಲ ಸೂತ್ರದಲ್ಲಿ n ಇದ್ದಲ್ಲಿ k+1 ಬರೆದರೆ ಸಿಗುವುದೂ ಇದೇ. ಸಾಧನೆ ಮುಗಿಯಿತು.

ಮುಗಿಯಿತೇ? ಚುರುಕಾದ ವಿದ್ಯಾರ್ಥಿ ಇಲ್ಲೇ ಕೈ ಎತ್ತುತ್ತಾನೆ: 'ಸರ್, ಸಾಧಿಸಬೇಕಾದ್ದನ್ನೇ ನಿಜ ಅಂತ ಇಟ್ಟುಕೊಂಡರೆ ಅದು ಮೋಸ ಅಲ್ವಾ?' ಇದು ನ್ಯಾಯವಾದ ಪ್ರಶ್ನೆ, 'ವಿಧಾನವೇ ಹಾಗೆ, ಬರ್ಕೋ' ಎಂದು ತಳ್ಳಿಹಾಕುವಂಥದ್ದಲ್ಲ. ಕಾಲೇಜಿನ ಸೈಕಲ್ ಸ್ಟ್ಯಾಂಡನ್ನು ನೆನೆಸಿಕೊಳ್ಳಿ. ಒತ್ತೊತ್ತಾಗಿ ನಿಲ್ಲಿಸಿದ ಸಾಲಿನಲ್ಲಿ 'ಒಂದು ಸೈಕಲ್ ಬಿದ್ದರೆ ಪಕ್ಕದ್ದೂ ಬೀಳುತ್ತದೆ' ಎಂದಾಗ ನಾವು ಯಾವ ಸೈಕಲ್ಲೂ ಬಿದ್ದಿದೆ ಎಂದು ಹೇಳುತ್ತಿಲ್ಲ, ಅವು ನಿಂತಿರುವ ಒತ್ತನ್ನು ಹೇಳುತ್ತಿದ್ದೇವೆ. ಎರಡನೆಯ ಹೆಜ್ಜೆ ಸಾಧಿಸುವುದೂ ಅಷ್ಟೇ: k ಗೆ ನಿಜವಾದರೆ k+1ಕ್ಕೂ ನಿಜ. ಆ 'ಆದರೆ'ಯನ್ನು ಕಳಚುವುದು ಮೊದಲ ಹೆಜ್ಜೆ. 1ಕ್ಕೆ ನಿಜವೆಂದು ಕಣ್ಣಾರೆ ನೋಡಿದ್ದೇವೆ, ಆದ್ದರಿಂದ 2ಕ್ಕೆ ನಿಜ, 2ಕ್ಕೆ ನಿಜವಾದ್ದರಿಂದ 3ಕ್ಕೆ. ನೀವು ಯಾವ ಸಂಖ್ಯೆ ಹೇಳಿದರೂ ಈ ಸಾಲು ಅಲ್ಲಿಗೆ ಮುಟ್ಟುತ್ತದೆ.

ನಿಜವಾದ ಮೋಸ ನುಸುಳುವುದು ಬರವಣಿಗೆಯಲ್ಲಿ. 'ಎಲ್ಲ k ಗಳಿಗೂ ನಿಜ ಎಂದು ಊಹಿಸೋಣ' ಎಂದು ಉತ್ತರಪತ್ರಿಕೆಯಲ್ಲಿ ಬರೆದವರುಂಟು. ಎಲ್ಲಕ್ಕೂ ನಿಜವೆಂದು ಒಪ್ಪಿಕೊಂಡ ಮೇಲೆ ಸಾಧಿಸಲು ಉಳಿಯುವುದೇನು? 'ಯಾವುದೋ ಒಂದು k ಗೆ' ಎಂದೇ ಬರೆಯಬೇಕು.

ಮೊದಲ ಹೆಜ್ಜೆಯನ್ನು ಶಾಸ್ತ್ರಕ್ಕೆಂಬಂತೆ ಒಂದು ಸಾಲಿನಲ್ಲಿ ಮುಗಿಸುವವರು, ಬಿಟ್ಟೇಬಿಡುವವರು ಇನ್ನೂ ಹೆಚ್ಚು. ಅವರಿಗಾಗಿ ಒಂದು ತರಲೆ ಲೆಕ್ಕ. ನಮ್ಮ ಸೂತ್ರದ ಬಲಗಡೆ ಸುಮ್ಮನೆ 7 ಸೇರಿಸಿ, ಘನಗಳ ಮೊತ್ತ n²(n+1)²/4 + 7 ಎಂದು ಹೇಳಿಬಿಡಿ. ಶುದ್ಧ ಸುಳ್ಳು. ಆದರೆ ಎರಡನೆಯ ಹೆಜ್ಜೆ ಮಾಡಿ ನೋಡಿ: k ಗೆ ನಿಜ ಎಂದಿಟ್ಟುಕೊಂಡು (k+1)³ ಸೇರಿಸಿದರೆ (k+1)²(k+2)²/4 + 7 ಬಂದೇ ಬರುತ್ತದೆ, ಎಲ್ಲೂ ತೊಡಕಿಲ್ಲ. ಸುಳ್ಳು ಸಿಕ್ಕಿಬೀಳುವುದು n = 1ರಲ್ಲಿ ಮಾತ್ರ, ಅಲ್ಲಿ ಎಡಗಡೆ 1, ಬಲಗಡೆ 8.

ಎರಡನೆಯ ಹೆಜ್ಜೆಯೂ ಒಮ್ಮೊಮ್ಮೆ ಕದ್ದು ಮುರಿದಿರುತ್ತದೆ. ಗಣಿತಜ್ಞ ಜಾರ್ಜ್ ಪೋಲ್ಯಾ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಕುದುರೆಗಳ ವಾದ ಅಂಥದ್ದು. ಎಲ್ಲ ಕುದುರೆಗಳ ಬಣ್ಣವೂ ಒಂದೇ ಎನ್ನುತ್ತದೆ ಅದು! ಒಂದು ಕುದುರೆಯ ಗುಂಪಿನಲ್ಲಿ ಬಣ್ಣ ಒಂದೇ, ತಕರಾರಿಲ್ಲ. k ಕುದುರೆಗಳ ಯಾವ ಗುಂಪಿನಲ್ಲೂ ಬಣ್ಣ ಒಂದೇ ಎಂದಿಟ್ಟುಕೊಂಡು k+1 ಕುದುರೆಗಳನ್ನು ಸಾಲಾಗಿ ನಿಲ್ಲಿಸಿ. ಕೊನೆಯದನ್ನು ಬಿಟ್ಟರೆ ಉಳಿದ k ಒಂದೇ ಬಣ್ಣ. ಮೊದಲನೆಯದನ್ನು ಬಿಟ್ಟರೂ ಉಳಿದ k ಒಂದೇ ಬಣ್ಣ. ನಡುವಿನ ಕುದುರೆಗಳು ಎರಡೂ ಗುಂಪಿನಲ್ಲಿವೆ, ಹಾಗಾಗಿ ಎಲ್ಲವೂ ಒಂದೇ ಬಣ್ಣ. ತಪ್ಪು ಎಲ್ಲಿ? ಒಂದರಿಂದ ಎರಡಕ್ಕೆ ಹೋಗಿ ನೋಡಿ. ಎರಡೇ ಕುದುರೆ ಇದ್ದಾಗ ನಡುವೆ ಯಾವುದೂ ಇರುವುದಿಲ್ಲ. ಉಳಿದೆಲ್ಲ ಜಿಗಿತಗಳೂ ಸರಿ, ಈ ಒಂದು ಮಾತ್ರ ಇಲ್ಲ, ಅಷ್ಟಕ್ಕೇ ಇಡೀ ವಾದ ಕುಸಿಯುತ್ತದೆ. ಆದ್ದರಿಂದ ಸಾಧನೆ ಬರೆದಾದ ಮೇಲೆ k ಇದ್ದಲ್ಲಿ 1 ಹಾಕಿ ಒಮ್ಮೆ ಓದಿಕೊಳ್ಳುವ ಅಭ್ಯಾಸ ಒಳ್ಳೆಯದು.

ಇಂಡಕ್ಷನ್ ಒಂದು ಕೆಲಸ ಮಾಡುವುದಿಲ್ಲ, ಸೂತ್ರವನ್ನು ಹುಡುಕಿಕೊಡುವುದಿಲ್ಲ. 1, 9, 36, 100 ನೋಡಿ ವರ್ಗಗಳನ್ನು ಗುರುತಿಸುವ ಕಣ್ಣು ನಿಮ್ಮದೇ ಆಗಬೇಕು. ಹಾಗೆ ಊಹಿಸಿದ್ದು ನಿಲ್ಲುತ್ತದೆಯೇ ಎಂದು ತೀರ್ಮಾನಿಸಲು ಮಾತ್ರ ಈ ವಿಧಾನ.

ಈಗ ನಿಮ್ಮ ಸರದಿ. ಬೆಸ ಸಂಖ್ಯೆಗಳ ಘನಗಳನ್ನಷ್ಟೇ ಕೂಡಿ: 1, 28, 153, 496. ಮೊದಲ n ಬೆಸ ಸಂಖ್ಯೆಗಳಿಗೆ ಈ ಮೊತ್ತ n²(2n² − 1) ಎಂದು ಸಾಧಿಸಿ. k ಆದ ಮೇಲೆ ಸೇರಿಸಬೇಕಾದ್ದು (2k+1)³ ಎಂಬುದನ್ನು ಮರೆಯಬೇಡಿ, ಮತ್ತು ಈ ಸಲ ಆವರಣಗಳನ್ನು ಬಿಡಿಸಲೇಬೇಕಾಗುತ್ತದೆ.