ನ್ಯುಮೋನಿಯಾ: ಮನೆಯಲ್ಲಿ ಆರೈಕೆಯೋ, ಆಸ್ಪತ್ರೆಗೆ ದಾಖಲೋ?

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಆರೋಗ್ಯ ಸಿಬ್ಬಂದಿ ಹಾಗೂ ಗ್ರಾಮ ಪಂಚಾಯತಿಗಳ ಗಮನಕ್ಕೆ)

ಮಳೆಗಾಲದಲ್ಲಿ ಜ್ವರ, ಕೆಮ್ಮು ಹಾಗೂ ಉಬ್ಬಸದೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ವಯಸ್ಕರಲ್ಲಿ ಕೆಲವರಿಗೆ ನ್ಯುಮೋನಿಯಾ ಇರುತ್ತದೆ. ಇವರೆಲ್ಲರನ್ನೂ ಆಸ್ಪತ್ರೆಗೆ ಕಳುಹಿಸುವ ಅಗತ್ಯವಿಲ್ಲ. ಆದರೆ ಕಳುಹಿಸಬೇಕಾದವರನ್ನು ಮನೆಗೆ ಕಳುಹಿಸಿದರೆ ಜೀವಕ್ಕೆ ಅಪಾಯ. ಈ ನಿರ್ಧಾರಕ್ಕೆ ನೆರವಾಗುವ ಸಿಆರ್‌ಬಿ-65 ಎಂಬ ಅಂಕ ಪದ್ಧತಿಯನ್ನೂ ಅದರ ಮಿತಿಗಳನ್ನೂ ಇಲ್ಲಿ ವಿವರಿಸಲಾಗಿದೆ. ಇದು ವಯಸ್ಕರಿಗೆ ಮಾತ್ರ ಅನ್ವಯಿಸುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಇದನ್ನು ಬಳಸತಕ್ಕದ್ದಲ್ಲ.

ಈ ಪದ್ಧತಿಗೆ ಪ್ರಯೋಗಾಲಯ ಬೇಕಿಲ್ಲ. ನಾಲ್ಕು ಅಂಶಗಳನ್ನು ನೋಡಿ, ಇರುವ ಪ್ರತಿಯೊಂದಕ್ಕೂ ಒಂದು ಅಂಕ ನೀಡಬೇಕು:

1. ಹೊಸದಾಗಿ ಕಂಡುಬಂದ ಗೊಂದಲ: ರೋಗಿಯು ದಿನ, ಸ್ಥಳ ಅಥವಾ ತನ್ನವರನ್ನು ಗುರುತಿಸದಿರುವುದು.
2. ಉಸಿರಾಟದ ವೇಗ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು.
3. ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕಡಿಮೆ, ಇಲ್ಲವೇ ಕೆಳಗಿನ ಅಂಕಿ 60 ಅಥವಾ ಅದಕ್ಕಿಂತ ಕಡಿಮೆ.
4. ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚು.

ಒಟ್ಟು ಅಂಕ 0 ಇದ್ದರೆ ಸಾಮಾನ್ಯವಾಗಿ ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯ. 1 ಅಥವಾ 2 ಇದ್ದರೆ ಆಸ್ಪತ್ರೆಗೆ ಕಳುಹಿಸುವ ಬಗ್ಗೆ ವೈದ್ಯಾಧಿಕಾರಿಗಳು ಪರಿಶೀಲಿಸಬೇಕು. 3 ಅಥವಾ 4 ಇದ್ದರೆ ತಡಮಾಡದೆ ದಾಖಲಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಯೂರಿಯಾ ಪರೀಕ್ಷೆಯೂ ಸೇರಿದಾಗ ಇದೇ ಪದ್ಧತಿಯು ಐದು ಅಂಕಗಳ ಕರ್ಬ್-65 ಆಗುತ್ತದೆ. ಯೂರಿಯಾ 42 ಮಿಲಿಗ್ರಾಂ ಮೀರಿದರೆ ಒಂದು ಅಂಕ. ವರದಿಯಲ್ಲಿ ಯೂರಿಯಾದ ಬದಲು ಬಿಯುಎನ್ ಎಂದು ನಮೂದಾಗಿದ್ದರೆ ಮಿತಿ ಸುಮಾರು 20 ಮಿಲಿಗ್ರಾಂ ಎಂಬುದನ್ನು ಮರೆಯಬಾರದು.

ತಪ್ಪು ಹೆಚ್ಚಾಗಿ ಆಗುವುದು ಉಸಿರಿನ ಎಣಿಕೆಯಲ್ಲಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ವ್ಯತ್ಯಾಸವಾಗುತ್ತದೆ. ಆದುದರಿಂದ ರೋಗಿಯನ್ನು ಕುಳ್ಳಿರಿಸಿ, ಮಾತನಾಡಿಸದೆ, ಪೂರ್ಣ ಒಂದು ನಿಮಿಷ ಎಣಿಸಬೇಕು.

ಅಂಕವೊಂದನ್ನೇ ನಂಬಿದರೆ ಆಗುವ ಪ್ರಮಾದವನ್ನು ಎರಡು ಕಲ್ಪಿತ ಉದಾಹರಣೆಗಳಿಂದ ತಿಳಿಯಬಹುದು. ಹೊಸನಗರ ತಾಲ್ಲೂಕಿನ 58 ವರ್ಷದ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ದಿನಗಳ ಜ್ವರದೊಂದಿಗೆ ಬರುತ್ತಾರೆ. ಮಾತು ಸ್ಪಷ್ಟ, ಉಸಿರು 28, ರಕ್ತದೊತ್ತಡ 110/70. ಅಂಕ 0. ಆದರೆ ಪಲ್ಸ್ ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಪ್ರಮಾಣ ಶೇ. 88. ಈ ಪದ್ಧತಿಯಲ್ಲಿ ಆಮ್ಲಜನಕಕ್ಕೆ ಅಂಕವೇ ಇಲ್ಲ. ಶೇ. 92ಕ್ಕಿಂತ ಕಡಿಮೆ ಇದ್ದರೆ ಅಂಕ ಎಷ್ಟೇ ಇರಲಿ, ಆಸ್ಪತ್ರೆಯೇ ಸೂಕ್ತ. ಇವರಿಗೆ ಆಮ್ಲಜನಕ ಆರಂಭಿಸಿ, ವೈದ್ಯರ ಸೂಚನೆಯಂತೆ ಮೊದಲ ಡೋಸ್ ಆಂಟಿಬಯಾಟಿಕ್ ನೀಡಿ, 108 ವಾಹನದಲ್ಲಿ ಕಳುಹಿಸಬೇಕು. ಮಳೆಯಲ್ಲಿ ತಣ್ಣಗಾದ ಬೆರಳಿನಲ್ಲಿ ಉಪಕರಣವು ತಪ್ಪು ತೋರಿಸಬಹುದಾದ್ದರಿಂದ, ಕೈ ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡುವುದು ಅವಶ್ಯ.

ಇನ್ನೊಬ್ಬರು ತೀರ್ಥಹಳ್ಳಿ ತಾಲ್ಲೂಕಿನ 67 ವರ್ಷದ ಮಹಿಳೆ. ಉಸಿರು 22, ರಕ್ತದೊತ್ತಡ 126/78, ಆಮ್ಲಜನಕ ಶೇ. 96. ವಯಸ್ಸಿನಿಂದಷ್ಟೇ ಅಂಕ 1. ಗಂಜಿ, ಮಾತ್ರೆ ಸೇರುತ್ತಿವೆ, ಸೊಸೆ ಜೊತೆಗಿದ್ದಾರೆ, ಬೇರೆ ಕಾಯಿಲೆಗಳಿಲ್ಲ. ವೈದ್ಯರು ಒಪ್ಪಿದರೆ ಇವರನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಆದರೆ ಇವರೇ ಒಂಟಿಯಾಗಿದ್ದು, ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ, ಅಥವಾ ಮನೆಯಿಂದ ರಸ್ತೆಗೆ ಬರಲು ಹೊಳೆ ದಾಟಬೇಕಾಗಿದ್ದರೆ, ಅದೇ ಅಂಕಕ್ಕೆ ದಾಖಲಾತಿಯೇ ಯೋಗ್ಯ. ರಾತ್ರಿ ಉಲ್ಬಣಿಸಿದರೆ ವಾಹನ ತಲುಪುವುದೇ ಎಂಬ ಪ್ರಶ್ನೆಗೆ ಅಂಕಪಟ್ಟಿಯಲ್ಲಿ ಉತ್ತರವಿಲ್ಲ. ಊರನ್ನು ಬಲ್ಲ ಆಶಾ ಕಾರ್ಯಕರ್ತೆಯರೇ ಅದನ್ನು ವೈದ್ಯರ ಗಮನಕ್ಕೆ ತರಬೇಕು.

ಮನೆಯಲ್ಲಿ ಉಳಿದವರನ್ನು 48 ಗಂಟೆಗಳೊಳಗೆ ಮತ್ತೆ ನೋಡಿ, ಉಸಿರು ಹಾಗೂ ಆಮ್ಲಜನಕವನ್ನು ಪುನಃ ಅಳೆಯಬೇಕು. ಮಾತು ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಆ ಅವಧಿಗೂ ಕಾಯದೆ ಕರೆತರುವಂತೆ ಮನೆಯವರಿಗೆ ತಿಳಿಸಬೇಕು.

ಕೊನೆಯದಾಗಿ, ಈ ಅಂಕವು ನ್ಯುಮೋನಿಯಾದ ತೀವ್ರತೆಯನ್ನು ಸೂಚಿಸುತ್ತದೆಯೇ ಹೊರತು ಕಾಯಿಲೆ ಯಾವುದೆಂದು ಹೇಳುವುದಿಲ್ಲ. ನಮ್ಮ ಭಾಗದಲ್ಲಿ ಮಂಗನ ಕಾಯಿಲೆಯೂ ಇಲಿ ಜ್ವರವೂ ಇವೆ. ಕಾಡಿಗೆ ಹೋಗಿ ಬಂದ ಅಥವಾ ಉಣುಗು ಕಚ್ಚಿದ ಹಿನ್ನೆಲೆ, ತೀವ್ರ ತಲೆನೋವು, ಮೈಕೈ ನೋವು, ಕಾಮಾಲೆ, ರಕ್ತಸ್ರಾವ ಇವುಗಳಲ್ಲಿ ಯಾವುದಾದರೂ ಇದ್ದರೆ, ಅಂಕ 0 ಇದ್ದರೂ ಆ ದಿಕ್ಕಿನಲ್ಲಿ ಪರೀಕ್ಷೆಗೆ ವೈದ್ಯಾಧಿಕಾರಿಗಳಿಗೆ ವರದಿ ಮಾಡತಕ್ಕದ್ದು.